ಕ್ರಿಸ್ತಪೂರ್ವದಿಂದ ಕ್ರಿಸ್ತಶಕಕ್ಕೆ ಎಣಿಸುವಾಗ ಒಂದು ವರ್ಷ ಎಲ್ಲಿ ಹೋಗುತ್ತದೆ?

ಯುಗಾದಿಗೆ ಮನೆಗೆ ತಂದ ಪಂಚಾಂಗದ ಮೊದಲ ಪುಟಗಳಲ್ಲಿ ಗತಕಲಿ ಎಷ್ಟು, ಶಾಲಿವಾಹನ ಶಕ ಎಷ್ಟು ಎಂದು ಬರೆದಿರುತ್ತದೆ. 2025ರ ಯುಗಾದಿಗೆ ಶುರುವಾದ ವಿಶ್ವಾವಸು ಸಂವತ್ಸರದ ಲೆಕ್ಕದಲ್ಲಿ ಗತಕಲಿ 5126, ಶಕ 1947. ಕಲಿಯುಗ ಕ್ರಿ.ಪೂ. 3102ರಲ್ಲಿ ಆರಂಭವಾಯಿತು ಎಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ಹಾಗಾದರೆ 3102ಕ್ಕೆ 2025 ಕೂಡಿಸಿ ನೋಡಿ. ಬರುವುದು 5127. ಪಂಚಾಂಗಕ್ಕಿಂತ ಒಂದು ಹೆಚ್ಚು.

ಈ ಒಂದು ವರ್ಷವನ್ನು ಕಂಡವರು ಸಾಮಾನ್ಯವಾಗಿ ಎರಡು ತೀರ್ಮಾನಗಳಿಗೆ ಬರುತ್ತಾರೆ. ಪಂಚಾಂಗದವರ ಲೆಕ್ಕ ತಪ್ಪು ಎನ್ನುವವರು ಕೆಲವರು. ಇತಿಹಾಸಕಾರರು ನಮ್ಮ ಕಾಲಗಣನೆಯಲ್ಲಿ ಒಂದು ವರ್ಷ ಕದ್ದಿದ್ದಾರೆ ಎನ್ನುವವರು ಇನ್ನು ಕೆಲವರು. ಎರಡೂ ನಿಜವಲ್ಲ. ಪಂಚಾಂಗ ಸರಿಯಾಗಿದೆ, ಕ್ರಿ.ಪೂ. 3102 ಎಂಬುದೂ ಸರಿಯಾಗಿದೆ. ತಪ್ಪಿರುವುದು ನಾವು ಕೂಡಿಸಿದ ರೀತಿಯಲ್ಲಿ.

ಇದನ್ನು ನಾವು ಬೇರೆಯವರ ತಪ್ಪು ಎಂದು ಹೇಳುತ್ತಿಲ್ಲ. ಐಹೊಳೆ ಶಾಸನದ ಬಗ್ಗೆ ಒಂದು ಕಾಲಪಟ್ಟಿ ತಯಾರಿಸುವಾಗ ನಾವೂ ಇದೇ ಹಳ್ಳಕ್ಕೆ ಬಿದ್ದಿದ್ದೆವು. ಹೊರಗೆ ಬರಲು ಸಹಾಯ ಮಾಡಿದ್ದು ಅದೇ ಶಾಸನ. ಹಾಗಾಗಿ ಅಲ್ಲಿಂದಲೇ ಆರಂಭಿಸೋಣ.

ಒಂದೇ ಶಾಸನ, ಎರಡು ಗಡಿಯಾರ

ಬಾಗಲಕೋಟೆ ಜಿಲ್ಲೆಯ ಐಹೊಳೆಯಲ್ಲಿ ಗುಡ್ಡದ ಮೇಲೆ ಮೇಗುಟಿ ಎಂಬ ಜಿನಾಲಯವಿದೆ. ಅದರ ಗೋಡೆಯಲ್ಲಿ ಇಮ್ಮಡಿ ಪುಲಕೇಶಿಯ ಕಾಲದ ಸಂಸ್ಕೃತ ಶಾಸನವಿದೆ. ಬರೆದವನು ರವಿಕೀರ್ತಿ. ಹರ್ಷವರ್ಧನನನ್ನು ಪುಲಕೇಶಿ ಸೋಲಿಸಿದ ವಿಚಾರಕ್ಕೂ, ಕಾಳಿದಾಸ ಮತ್ತು ಭಾರವಿಯರ ಹೆಸರು ಬರುವುದಕ್ಕೂ ಈ ಶಾಸನ ಹೆಸರುವಾಸಿ. ಕಾಳಿದಾಸ ಇದಕ್ಕಿಂತ ಈಚಿನವನಲ್ಲ ಎಂದು ಹೇಳಲು ವಿದ್ವಾಂಸರು ಇದನ್ನೇ ತೋರಿಸುತ್ತಾರೆ. ಆದ್ದರಿಂದ ಶಾಸನದ ವರ್ಷ ಯಾವುದು ಎಂಬುದು ಮುಖ್ಯವಾಗುತ್ತದೆ.

ರವಿಕೀರ್ತಿ ಈ ವರ್ಷವನ್ನು ಒಂದಲ್ಲ, ಎರಡು ರೀತಿಯಲ್ಲಿ ಹೇಳಿದ್ದಾನೆ. ಭಾರತ ಯುದ್ಧದಿಂದ 3735 ವರ್ಷಗಳು ಕಳೆದಿವೆ ಎಂಬುದು ಒಂದು. ಕಲಿಕಾಲದಲ್ಲಿ ಶಕ ರಾಜರ 556 ವರ್ಷಗಳು ಕಳೆದಿವೆ ಎಂಬುದು ಇನ್ನೊಂದು. ಇಲ್ಲಿ ಯುದ್ಧದಿಂದ ಎಣಿಸಿದ ವರ್ಷಗಳು ನಮ್ಮ ಪಂಚಾಂಗದ ಕಲಿ ವರ್ಷಗಳೇ.

ಮೊದಲು ಶಕದ ಲೆಕ್ಕ ಮಾಡೋಣ, ಅದು ಸುಲಭ. ಕಳೆದ ಶಕ ವರ್ಷಕ್ಕೆ 78 ಕೂಡಿಸಿದರೆ ಯುಗಾದಿಯಿಂದ ಡಿಸೆಂಬರ್‌ವರೆಗಿನ ಕ್ರಿ.ಶ. ವರ್ಷ ಸಿಗುತ್ತದೆ. 556ಕ್ಕೆ 78 ಸೇರಿದರೆ 634. ಶಾಸನದ ಕಾಲ ಕ್ರಿ.ಶ. 634-35 ಎಂದು ಪುಸ್ತಕಗಳು ಹೇಳುವುದು ಹೀಗೆ.

ಈಗ ಕಲಿ ಲೆಕ್ಕ. ಕ್ರಿ.ಪೂ. 3102ರಿಂದ 3735 ವರ್ಷ ಮುಂದಕ್ಕೆ ಹೋಗಬೇಕು. 3735ರಲ್ಲಿ 3102 ಕಳೆದರೆ ಉಳಿಯುವುದು 633. ನಮ್ಮ ಕಾಲಪಟ್ಟಿಯಲ್ಲಿ ನಾವು ಬರೆದಿದ್ದು ಇದನ್ನೇ. ಪಕ್ಕದಲ್ಲೇ ಶಕದಿಂದ ಬಂದ 634 ಕೂತಿತ್ತು. ಒಬ್ಬನೇ ಕವಿ ಒಂದೇ ಉಸಿರಿನಲ್ಲಿ ಹೇಳಿದ ಎರಡು ಸಂಖ್ಯೆಗಳು ಒಂದು ವರ್ಷ ಬೇರೆ ಹೇಗಾದವು? ರವಿಕೀರ್ತಿಗೆ ಲೆಕ್ಕ ಬರುತ್ತಿರಲಿಲ್ಲವೇ?

ರವಿಕೀರ್ತಿಗೆ ಬರುತ್ತಿತ್ತು. ತಪ್ಪಿದವರು ನಾವು.

ನೆಲ ಅಂತಸ್ತು ಇಲ್ಲದ ಕಟ್ಟಡ

ಒಂದು ಅಪಾರ್ಟ್‌ಮೆಂಟ್ ಲಿಫ್ಟ್ ನೆನಪಿಸಿಕೊಳ್ಳಿ. ಗ್ರೌಂಡ್ ಫ್ಲೋರ್‌ಗೆ 0, ಮೇಲಿನವಕ್ಕೆ 1, 2, 3, ನೆಲದ ಕೆಳಗಿನ ಪಾರ್ಕಿಂಗ್‌ಗಳಿಗೆ -1, -2. ಪಾರ್ಕಿಂಗ್ -2ರಿಂದ 3ನೇ ಮಹಡಿಗೆ ಹೋದರೆ ಐದು ಅಂತಸ್ತು ಏರುತ್ತೇವೆ. 2ಕ್ಕೆ 3 ಕೂಡಿಸಿದರೆ 5, ಲೆಕ್ಕ ಸರಿ.

ಈಗ ಗ್ರೌಂಡ್ ಫ್ಲೋರ್ ಎಂಬುದೇ ಇಲ್ಲ ಎಂದುಕೊಳ್ಳಿ. -1ರ ಮೇಲೆ ನೇರವಾಗಿ 1ನೇ ಮಹಡಿ. ಆಗ -2ರಿಂದ -1, 1, 2, 3. ನಾಲ್ಕೇ ಏರು. ಕೂಡಿದ ಮೊತ್ತದಲ್ಲಿ ಒಂದು ಕಡಿಮೆ.

ಕ್ರಿ.ಪೂ. ಮತ್ತು ಕ್ರಿ.ಶ. ಸೇರಿ ಆಗಿರುವುದು ಈ ಎರಡನೇ ರೀತಿಯ ಕಟ್ಟಡ. ಕ್ರಿ.ಪೂ. 1ರ ಡಿಸೆಂಬರ್ 31ರ ಮರುದಿನವೇ ಕ್ರಿ.ಶ. 1ರ ಜನವರಿ 1. ಮಧ್ಯೆ ಸೊನ್ನೆ ಎಂಬ ವರ್ಷವಿಲ್ಲ. ಸಾಮಾನ್ಯ ಶಕಪೂರ್ವ, ಸಾಮಾನ್ಯ ಶಕ ಎಂದು ಹೆಸರು ಬದಲಾಯಿಸಿದರೂ ವರ್ಷಗಳ ಸಂಖ್ಯೆ ಅವೇ ಆದ್ದರಿಂದ ಲೆಕ್ಕ ಬದಲಾಗುವುದಿಲ್ಲ.

ಅತಿ ಚಿಕ್ಕ ಉದಾಹರಣೆಯಲ್ಲಿ ಇದನ್ನು ಪರೀಕ್ಷಿಸಬಹುದು. ಕ್ರಿ.ಪೂ. 1ರ ಜುಲೈ 1ರಂದು ಹುಟ್ಟಿದ ಮಗುವಿಗೆ ಕ್ರಿ.ಶ. 1ರ ಜುಲೈ 1ರಂದು ಎಷ್ಟು ವಯಸ್ಸು? ನಡುವೆ ಬಂದಿರುವುದು ಒಂದೇ ಹೊಸ ವರ್ಷ. ಆದ್ದರಿಂದ ಒಂದು ವರ್ಷ. 1ಕ್ಕೆ 1 ಕೂಡಿಸಿ ಎರಡು ಎಂದರೆ ತಪ್ಪಾಗುವುದು ಇಲ್ಲಿ ಕಣ್ಣಿಗೇ ಕಾಣುತ್ತದೆ. ದೊಡ್ಡ ಸಂಖ್ಯೆಗಳಲ್ಲೂ ನಡೆಯುವುದು ಇದೇ, ಆದರೆ ಕಾಣುವುದಿಲ್ಲ.

ಹಾಗಾದರೆ ಕೂಡಿದ ಮೊತ್ತಕ್ಕೆ ಅರ್ಥವೇ ಇಲ್ಲವೇ? ಇದೆ, ಆದರೆ ಅದು ಬೇರೆ ಪ್ರಶ್ನೆಗೆ ಉತ್ತರ. ಬೇಲಿಗೆ ನೆಟ್ಟ ಕಂಬಗಳು ಐದಾದರೆ ಅವುಗಳ ನಡುವಿನ ಅಂತರಗಳು ನಾಲ್ಕು. ಕ್ರಿ.ಪೂ. 3102ರಿಂದ ಕ್ರಿ.ಶ. 634ರವರೆಗೆ, ಎರಡೂ ತುದಿ ಸೇರಿ, ಒಟ್ಟು ಎಷ್ಟು ವರ್ಷಗಳ ಹೆಸರು ಬರುತ್ತವೆ ಎಂದರೆ 3736. ಅದು ಕಂಬಗಳ ಲೆಕ್ಕ. ಮೊದಲ ವರ್ಷದ ಒಂದು ದಿನದಿಂದ ಕೊನೆಯ ವರ್ಷದ ಅದೇ ದಿನಕ್ಕೆ ಎಷ್ಟು ವರ್ಷ ಕಳೆದವು ಎಂದರೆ 3735. ಅದು ಅಂತರಗಳ ಲೆಕ್ಕ. ರವಿಕೀರ್ತಿ ಹೇಳಿದ್ದು ಇದೇ ಸಂಖ್ಯೆ.

ಸೊನ್ನೆಯನ್ನು ಯಾಕೆ ಬಿಟ್ಟರು?

ಯುರೋಪಿನವರಿಗೆ ಸೊನ್ನೆ ಗೊತ್ತಿರಲಿಲ್ಲ, ಅದಕ್ಕೇ ಸೊನ್ನೆ ವರ್ಷ ಇಲ್ಲ ಎಂಬ ಮಾತು ಬಹಳ ಓಡಾಡುತ್ತದೆ. ಅದರಲ್ಲಿ ಸ್ವಲ್ಪ ನಿಜವಿದ್ದರೂ ಪೂರ್ತಿ ಕಾರಣ ಅದಲ್ಲ.

ಕ್ರಿಸ್ತಶಕದ ಎಣಿಕೆಯನ್ನು ರೂಪಿಸಿದ್ದು ರೋಮ್‌ನಲ್ಲಿದ್ದ ಡಯೊನೀಸಿಯಸ್ ಎಕ್ಸಿಗೂಸ್ ಎಂಬ ಸನ್ಯಾಸಿ, ಕ್ರಿ.ಶ. 525ರಲ್ಲಿ. ಈಸ್ಟರ್ ಹಬ್ಬದ ದಿನಗಳ ಕೋಷ್ಟಕ ಮಾಡುವುದು ಅವನ ಕೆಲಸವಾಗಿತ್ತು. ಕ್ರಿಸ್ತನ ಕಾಲದಿಂದ ಇದು ಎಷ್ಟನೇ ವರ್ಷ ಎಂದು ಅವನು ಎಣಿಸಿದ. ಎಷ್ಟನೆಯದು ಎಂದು ಕೇಳಿದಾಗ ಮೊದಲು ಬರುವುದು ಒಂದನೆಯದು. ರಾಜನ ಆಳ್ವಿಕೆಯ ಮೊದಲ ವರ್ಷ ಎನ್ನುತ್ತೇವೆ, ಸೊನ್ನೆಯ ವರ್ಷ ಎನ್ನುವುದಿಲ್ಲ. ಒಂದನೇ ತರಗತಿಗೆ ಮೊದಲು ಸೊನ್ನೆಯ ತರಗತಿ ಇರುವುದಿಲ್ಲ. ಸೊನ್ನೆಯನ್ನು ಚೆನ್ನಾಗಿ ಬಲ್ಲವರೂ ಸಾಲಿನಲ್ಲಿ ನಿಂತವರನ್ನು ಒಂದರಿಂದಲೇ ಎಣಿಸುತ್ತಾರೆ.

ಡಯೊನೀಸಿಯಸ್‌ಗೆ ಹಿಂದಕ್ಕೆ ಎಣಿಸುವ ಅಗತ್ಯವಿರಲಿಲ್ಲ. ಎರಡು ಶತಮಾನಗಳ ನಂತರ ಇಂಗ್ಲೆಂಡಿನ ಬೀಡ್ ತನ್ನ ಚರ್ಚಿನ ಇತಿಹಾಸದಲ್ಲಿ ಕ್ರಿಸ್ತನಿಗೆ ಮೊದಲಿನ ಒಂದು ಘಟನೆಗೆ ಹಿಂದಕ್ಕೆ ಎಣಿಸಿದ ವರ್ಷ ಕೊಟ್ಟ. ಆ ಪುಸ್ತಕ ಮುಗಿದದ್ದು 731ರಲ್ಲಿ. ಹಿಂದಕ್ಕೂ ಒಂದನೆಯದರಿಂದಲೇ ಎಣಿಸುವುದು ರೂಢಿಯಾಯಿತು. ಮುಂದಿನ ಸಾಲು ಒಂದರಿಂದ, ಹಿಂದಿನ ಸಾಲೂ ಒಂದರಿಂದ. ಎರಡನ್ನು ಜೋಡಿಸಿದಾಗ ನಡುವೆ ಸೊನ್ನೆಗೆ ಜಾಗ ಉಳಿಯಲಿಲ್ಲ.

ನಮ್ಮ ಗತ ವರ್ಷದಲ್ಲಿ ಸೊನ್ನೆ ಇದೆ

ಭಾರತದ ಜ್ಯೋತಿಷಿಗಳು ಸಾಮಾನ್ಯವಾಗಿ ಎಣಿಸುತ್ತಿದ್ದುದು ಇದು ಎಷ್ಟನೆಯದು ಎಂದಲ್ಲ, ಎಷ್ಟು ಕಳೆದಿವೆ ಎಂದು. ಗತಕಲಿ ಎಂಬ ಪದದಲ್ಲಿ 'ಗತ' ಎಂದರೆ ಕಳೆದದ್ದು. ಮಗುವಿನ ವಯಸ್ಸು ಹೇಳುವ ರೀತಿ ಇದು. ಮಗು ತನ್ನ ಮೊದಲ ವರ್ಷದಲ್ಲಿ ಇರುವಾಗ ಅದಕ್ಕೆ ಸೊನ್ನೆ ವರ್ಷ ತುಂಬಿರುತ್ತದೆ. ಹಾಗೆಯೇ ಕಲಿಯುಗದ ಮೊದಲ ವರ್ಷದಲ್ಲಿ ಗತಕಲಿ ಸೊನ್ನೆ.

ಆದ್ದರಿಂದ ಗತಕಲಿ ಒಂದು ನೇರವಾದ ಅಳತೆಪಟ್ಟಿ. ಕ್ರಿಸ್ತಪೂರ್ವ ಮುಗಿದು ಕ್ರಿಸ್ತಶಕ ಶುರುವಾಗುವ ಜಾಗದಲ್ಲಿ ಅದನ್ನು ಪಕ್ಕಕ್ಕಿಟ್ಟು ನೋಡಿದರೆ ಎಲ್ಲವೂ ಸ್ಪಷ್ಟವಾಗುತ್ತದೆ. ಎಡಗಡೆ ಗತಕಲಿ, ಬಲಗಡೆ ಆ ಕಲಿ ವರ್ಷ ಯಾವ ವರ್ಷದಲ್ಲಿ ಆರಂಭವಾಯಿತು ಎಂಬುದು:

- 0 : ಕ್ರಿ.ಪೂ. 3102
- 1 : ಕ್ರಿ.ಪೂ. 3101
- 3100 : ಕ್ರಿ.ಪೂ. 2
- 3101 : ಕ್ರಿ.ಪೂ. 1
- 3102 : ಕ್ರಿ.ಶ. 1
- 3103 : ಕ್ರಿ.ಶ. 2

ಕ್ರಿ.ಶ. 1ರಲ್ಲಿ ಗತಕಲಿ 3102. ಅಂದರೆ ಕ್ರಿ.ಶ. ವರ್ಷಕ್ಕೆ 3101 ಕೂಡಿಸಿದರೆ ಗತಕಲಿ ಬರುತ್ತದೆ, 3102 ಅಲ್ಲ. 2025ಕ್ಕೆ 3101 ಕೂಡಿಸಿ, 5126. ಪಂಚಾಂಗದಲ್ಲಿರುವುದೇ ಬಂತು. ಶಾಸನದ 3735ರಲ್ಲಿ 3101 ಕಳೆಯಿರಿ, 634. ಶಕದಿಂದ ಬಂದದ್ದೇ ಬಂತು. ರವಿಕೀರ್ತಿಯ ಎರಡು ಗಡಿಯಾರಗಳೂ ಒಂದೇ ಸಮಯ ತೋರಿಸುತ್ತಿವೆ.

ಇನ್ನೊಂದು ಪರೀಕ್ಷೆಯನ್ನೂ ಮಾಡಬಹುದು. ಶಾಸನದ ಎರಡು ಸಂಖ್ಯೆಗಳ ವ್ಯತ್ಯಾಸ, 3735ರಲ್ಲಿ 556 ಕಳೆದರೆ, 3179. ಈಗಿನ ಪಂಚಾಂಗದ ವ್ಯತ್ಯಾಸ, 5126ರಲ್ಲಿ 1947 ಕಳೆದರೆ, ಅದೂ 3179. ಸುಮಾರು ಹದಿನಾಲ್ಕು ಶತಮಾನಗಳ ಅಂತರದಲ್ಲಿ ಕಲ್ಲಿನ ಮೇಲೆ ಕೆತ್ತಿದ್ದೂ ಕಾಗದದ ಮೇಲೆ ಅಚ್ಚಾದದ್ದೂ ಒಂದೇ. ಈ ಪರೀಕ್ಷೆಯಲ್ಲಿ ಕ್ರಿಸ್ತಶಕ ಬರುವುದೇ ಇಲ್ಲ ಎಂಬುದನ್ನು ಗಮನಿಸಿ. ಯಾರೂ ವರ್ಷ ಕದ್ದಿಲ್ಲ ಎನ್ನಲು ಇದಕ್ಕಿಂತ ಸರಳ ಪುರಾವೆ ಬೇಡ.

ದಿನಗಳನ್ನೇ ಎಣಿಸಿ ನೋಡಿದರೆ?

ವರ್ಷಗಳ ಹೆಸರಿನಲ್ಲಿ ಗೊಂದಲವಾಗಬಹುದು, ದಿನಗಳಲ್ಲಿ ಆಗುವುದಿಲ್ಲ. ಅದಕ್ಕೆ ಆರ್ಯಭಟನ ಉದಾಹರಣೆ ಚೆನ್ನಾಗಿ ಹೊಂದುತ್ತದೆ. ಕಲಿಯ 3600 ವರ್ಷಗಳು ಕಳೆದಾಗ ತನಗೆ 23 ವರ್ಷ ತುಂಬಿತ್ತು ಎಂದು ಅವನು ಆರ್ಯಭಟೀಯದಲ್ಲಿ ತಿಳಿಸಿದ್ದಾನೆ. 3600ರಲ್ಲಿ 3101 ಕಳೆದರೆ ಕ್ರಿ.ಶ. 499, ಅದರಲ್ಲಿ 23 ಕಳೆದರೆ 476. ಶಾಲಾ ಪುಸ್ತಕಗಳಲ್ಲಿ ಆರ್ಯಭಟ ಹುಟ್ಟಿದ್ದು 476ರಲ್ಲಿ ಎಂದಿರುವುದು ಈ ಲೆಕ್ಕದಿಂದಲೇ. 3102 ಕಳೆದಿದ್ದರೆ 475 ಆಗುತ್ತಿತ್ತು.

ಯಾವುದು ಸರಿ ಎಂದು ಆರ್ಯಭಟನ ಸಂಖ್ಯೆಗಳಿಂದಲೇ ನೋಡೋಣ. ಅವನ ಪ್ರಕಾರ 43,20,000 ವರ್ಷಗಳಲ್ಲಿ 157,79,17,500 ದಿನಗಳು. ಇದರಲ್ಲಿ 1200ನೇ ಒಂದು ಭಾಗ 3600 ವರ್ಷ. ಅದಕ್ಕೆ 13,14,931 ದಿನಗಳು, ಮೇಲೆ ಕಾಲು ದಿನ.

ಈಗ ನಮ್ಮ ಕಡೆಯ ಲೆಕ್ಕ. ಕಲಿಯ ಆರಂಭ ಜೂಲಿಯನ್ ಕ್ಯಾಲೆಂಡರಿನಲ್ಲಿ ಕ್ರಿ.ಪೂ. 3102ರ ಫೆಬ್ರವರಿ 18. ಅಲ್ಲಿಂದ ಕ್ರಿ.ಶ. 499ರ ಫೆಬ್ರವರಿ 18ಕ್ಕೆ 3600 ಜೂಲಿಯನ್ ವರ್ಷಗಳು. ಪ್ರತಿ ವರ್ಷಕ್ಕೆ 365¼ ದಿನದಂತೆ 13,14,900 ದಿನ. ಆರ್ಯಭಟನ ಮೊತ್ತಕ್ಕೆ ಇನ್ನೂ 31 ದಿನ ಬೇಕು. ಫೆಬ್ರವರಿ 18ರಿಂದ 31 ದಿನ ಮುಂದೆ ಹೋದರೆ ಮಾರ್ಚ್ 21. ಅವನ ವರ್ಷ ಜೂಲಿಯನ್ ವರ್ಷಕ್ಕಿಂತ ಸ್ವಲ್ಪವೇ ಉದ್ದವಾದ್ದರಿಂದ 3600 ವರ್ಷಗಳಲ್ಲಿ ಈ 31 ದಿನ ಸೇರಿದೆ. ಹೀಗೆ ಆರ್ಯಭಟ ಹೇಳಿದ ಕ್ಷಣ 499ರ ಮಾರ್ಚ್ 21ಕ್ಕೆ ಬಂದು ನಿಲ್ಲುತ್ತದೆ. ವಿಷುವದ ಆಸುಪಾಸಿನ ದಿನ ಅದು.

498 ಎಂದು ತೆಗೆದುಕೊಂಡಿದ್ದರೆ 365 ದಿನಗಳು ಕೊರತೆ ಬೀಳುತ್ತಿದ್ದವು. ಅಷ್ಟು ದಿನಗಳನ್ನು ತುಂಬಲು ಬೇರೆ ದಾರಿ ಇಲ್ಲ.

ಖಗೋಳ ವಿಜ್ಞಾನಿಗಳ ದಾರಿ

ಪ್ರತಿ ಸಲ ಒಂದು ಕಳೆಯುವುದನ್ನು ನೆನಪಿಡುವುದು ಕಷ್ಟ. ಗ್ರಹಣಗಳ ಲೆಕ್ಕ ಹಾಕುವವರಿಗೆ ಅದು ದಿನನಿತ್ಯದ ತಲೆನೋವು. ಅದಕ್ಕಾಗಿ ಅವರು ಕಟ್ಟಡಕ್ಕೆ ಗ್ರೌಂಡ್ ಫ್ಲೋರ್ ಕಟ್ಟಿಕೊಂಡರು. 1740ರಲ್ಲಿ ಫ್ರಾನ್ಸಿನ ಜಾಕ್ ಕಸೀನಿ ತನ್ನ ಕೋಷ್ಟಕಗಳಲ್ಲಿ ಸೊನ್ನೆ ವರ್ಷವನ್ನು ಬಳಸಿದ. ಈ ಪದ್ಧತಿಯಲ್ಲಿ ಕ್ರಿ.ಪೂ. 1 ಎಂದರೆ 0, ಕ್ರಿ.ಪೂ. 2 ಎಂದರೆ -1, ಕ್ರಿ.ಪೂ. 3102 ಎಂದರೆ -3101. ಬದಲಾಯಿಸುವ ಸೂತ್ರ ಇಷ್ಟೇ:

```
Y = 1 - B
```

ಇಲ್ಲಿ `B` ಕ್ರಿ.ಪೂ. ವರ್ಷ, `Y` ಖಗೋಳ ವರ್ಷ. ಹೀಗೆ ಬರೆದ ಮೇಲೆ ಸಾಮಾನ್ಯ ವ್ಯವಕಲನ ಸಾಕು. 634ರಲ್ಲಿ -3101 ಕಳೆದರೆ 3735. ಲೀಪ್ ವರ್ಷಗಳ ನಿಯಮವೂ ಸರಿಹೋಗುತ್ತದೆ. 0, -4, -8 ನಾಲ್ಕರಿಂದ ಭಾಗವಾಗುತ್ತವೆ. ಕ್ರಿ.ಪೂ. ಭಾಷೆಯಲ್ಲಿ ಅವು 1, 5, 9 ಆಗುತ್ತವೆ.

ಆದರೆ ಹೊಸ ಗೊಂದಲವೊಂದು ಇಲ್ಲಿ ಕಾದಿರುತ್ತದೆ. ನಾಸಾದ ಗ್ರಹಣ ಪಟ್ಟಿಯಲ್ಲಿ -584 ಎಂದು ಕಂಡರೆ ಅದು ಕ್ರಿ.ಪೂ. 584 ಅಲ್ಲ, 585. ಥೇಲಿಸ್ ಎಂಬ ಗ್ರೀಕ್ ಚಿಂತಕನ ಹೆಸರಿನೊಂದಿಗೆ ಸೇರಿದ ಕ್ರಿ.ಪೂ. 585ರ ಮೇ 28ರ ಗ್ರಹಣ ಅಲ್ಲಿ ಇರುವುದು ಹಾಗೆ. ಕಂಪ್ಯೂಟರುಗಳು ದಿನಾಂಕ ಬರೆಯುವ `ISO 8601` ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲೂ `0000` ಎಂದರೆ ಕ್ರಿ.ಪೂ. 1. ಮೈನಸ್ ಗುರುತು ಕಂಡ ಕೂಡಲೇ ಅದನ್ನು ತೆಗೆದು 'ಕ್ರಿ.ಪೂ.' ಎಂದು ಹಾಕಿದರೆ ಅಲ್ಲೇ ಒಂದು ವರ್ಷ ಜಾರುತ್ತದೆ.

ಎಲ್ಲಿ ಎಚ್ಚರವಿರಬೇಕು?

ಈ ತಪ್ಪು ಶಾಸನ ಓದುವವರಿಗೆ ಮಾತ್ರ ಮೀಸಲಲ್ಲ. ಮ್ಯಾರಥಾನ್ ಕದನ ನಡೆದದ್ದು ಕ್ರಿ.ಪೂ. 490ರಲ್ಲಿ. ಅದರ 2500ನೇ ವರ್ಷವನ್ನು ಅಥೆನ್ಸಿನ ಮ್ಯಾರಥಾನ್ ಓಟ 2010ರಲ್ಲಿ ಆಚರಿಸಿತು. 490ಕ್ಕೆ 2010 ಕೂಡಿಸಿ ಒಂದು ಕಳೆಯಿರಿ, 2499. ನಿಜವಾಗಿ 2500 ತುಂಬಿದ್ದು 2011ರಲ್ಲಿ.

ಶಾಸನಗಳ ವಿಷಯದಲ್ಲಿ ಒಂದು ವರ್ಷದ ವ್ಯತ್ಯಾಸ ಬೇರೆ ಎರಡು ಕಾರಣಗಳಿಂದಲೂ ಬರುತ್ತದೆ. ಅವನ್ನು ಸೊನ್ನೆ ವರ್ಷದ ಜೊತೆ ಬೆರೆಸಬಾರದು.

ಒಂದು, ಕಳೆದ ವರ್ಷವೋ ನಡೆಯುತ್ತಿರುವ ವರ್ಷವೋ ಎಂಬುದು. ಐಹೊಳೆ ಶಾಸನದ 3735ನ್ನು ನಡೆಯುತ್ತಿರುವ ವರ್ಷ ಎಂದು ಓದಿದರೂ 633 ಬರುತ್ತದೆ. ನಾವು ತಪ್ಪಾಗಿ ಕಳೆದಾಗ ಬಂದದ್ದೂ 633. ಎರಡು ಬೇರೆ ತಪ್ಪುಗಳು ಒಂದೇ ಉತ್ತರ ಕೊಟ್ಟಾಗ, ಒಂದು ಇನ್ನೊಂದಕ್ಕೆ ಸಾಕ್ಷಿಯಂತೆ ಕಾಣುವ ಅಪಾಯವಿದೆ. ಇಲ್ಲಿ ನಿರ್ಧರಿಸುವುದು ಶಾಸನದ ಮಾತು. ವರ್ಷಗಳು ಕಳೆದಿವೆ ಎಂದೇ ರವಿಕೀರ್ತಿ ಹೇಳಿದ್ದಾನೆ, ಹಾಗಾಗಿ 634.

ಎರಡು, ವರ್ಷ ಶುರುವಾಗುವ ದಿನ. ಶಕ ವರ್ಷ ಯುಗಾದಿಗೆ ಬದಲಾಗುತ್ತದೆ, ಇಂಗ್ಲಿಷ್ ವರ್ಷ ಜನವರಿಗೆ. ಶಾಸನದ ಈ ಭಾಗದಲ್ಲಿ ತಿಂಗಳು, ತಿಥಿ ಇಲ್ಲ. ಆದ್ದರಿಂದ 634ರ ಯುಗಾದಿಯಿಂದ 635ರ ಯುಗಾದಿಯೊಳಗೆ ಎಂದಷ್ಟೇ ಹೇಳಬಹುದು. 634-35 ಎಂಬ ಅಡ್ಡಗೆರೆಯ ಅರ್ಥ ಅದು. ಅದು ಅನುಮಾನದ ಗುರುತಲ್ಲ, ಎರಡು ಕ್ಯಾಲೆಂಡರುಗಳು ಒಂದರ ಮೇಲೊಂದು ಸರಿಯಾಗಿ ಕೂರದ ಗುರುತು.

ಕೊನೆಯದಾಗಿ, ಈ ಲೆಕ್ಕ ಏನನ್ನು ಹೇಳುವುದಿಲ್ಲ ಎಂಬುದನ್ನೂ ನೋಡಬೇಕು. ಐಹೊಳೆ ಶಾಸನದ ವರ್ಷ ಸರಿಯಾಗಿ ಸಿಕ್ಕಿತು ಎಂದ ಮಾತ್ರಕ್ಕೆ ಭಾರತ ಯುದ್ಧ ಕ್ರಿ.ಪೂ. 3102ರಲ್ಲಿ ನಡೆಯಿತು ಎಂದು ಸಾಬೀತಾಗುವುದಿಲ್ಲ. ಏಳನೇ ಶತಮಾನದ ಕವಿಯೊಬ್ಬ ಆ ಘಟನೆಯನ್ನು ತನಗಿಂತ 3735 ವರ್ಷ ಹಿಂದೆ ಇಟ್ಟಿದ್ದ ಎಂದು ಮಾತ್ರ ಗೊತ್ತಾಗುತ್ತದೆ. ಎಣಿಕೆ ಸರಿಯಿರುವುದು ಒಂದು ಮಾತು, ಎಣಿಕೆ ಶುರುವಾದ ಜಾಗದಲ್ಲಿ ಏನಾಯಿತು ಎಂಬುದು ಇನ್ನೊಂದು.

ಮುಂದಿನ ಸಲ ಕ್ರಿ.ಪೂ.ದಿಂದ ಕ್ರಿ.ಶ.ಕ್ಕೆ ಎಣಿಸಬೇಕಾದಾಗ ಎರಡನ್ನೂ ಕೂಡಿಸಿ, ಒಂದು ಕಳೆಯಿರಿ. ಎರಡನೇ ವರ್ಷದಲ್ಲಿ ಆ ತಿಂಗಳು ಮತ್ತು ದಿನ ಇನ್ನೂ ಬಂದಿಲ್ಲದಿದ್ದರೆ ಮತ್ತೊಂದು ಕಳೆಯಿರಿ. ಅನುಮಾನ ಬಂದರೆ ಕ್ರಿ.ಪೂ. 1ರಲ್ಲಿ ಹುಟ್ಟಿದ ಆ ಮಗುವನ್ನು ನೆನಪಿಸಿಕೊಳ್ಳಿ. ನಮ್ಮ ಕಾಲಪಟ್ಟಿಯಲ್ಲಿ 633 ಇದ್ದ ಜಾಗದಲ್ಲಿ ಈಗ 634 ಇದೆ.